ಕಡ್ಡಿ ಕಟ್ಟಬೇಕೋ, ಕಣ್ಣು ಕೂರಿಸಬೇಕೋ?

ಸಣ್ಣ ನರ್ಸರಿಯಲ್ಲಿ ನಂಬಿಕೆಯ ತಾಯಿಮರ ಒಂದೋ ಎರಡೋ ಇರುತ್ತದೆ. ಅದರಿಂದ 100 ಗಿಡ ಮಾಡಬೇಕೆಂದರೆ ಮೊದಲು ಲೆಕ್ಕ ಹಾಕಬೇಕಾದದ್ದು ಕಡ್ಡಿಯನ್ನು. ಕಡ್ಡಿ ಕಸಿಗೆ ಗಿಡಕ್ಕೊಂದು ಕಡ್ಡಿ ಬೇಕು. ಕಣ್ಣು ಕಸಿಗೆ ಐದಾರು ಕಣ್ಣುಗಳಿರುವ 20 ಕಡ್ಡಿ ಸಿಕ್ಕರೆ ಸಾಕು.

ಮೋಸಂಬಿಗೆ ನಾನು ಕಣ್ಣನ್ನೇ ಹೇಳುತ್ತೇನೆ. ರಂಗಪುರ ನಿಂಬೆಯ ಸಸಿ ಪೆನ್ಸಿಲ್ ದಪ್ಪಕ್ಕೆ ಬಂದಾಗ, ನೆಲದಿಂದ ಒಂದು ಗೇಣು ಮೇಲೆ ಇಂಗ್ಲಿಷಿನ ಟಿ ಅಕ್ಷರದಂತೆ ಸಿಪ್ಪೆ ಸೀಳಬೇಕು. ಅದಕ್ಕಿಂತ ಕೆಳಗೆ ಕಟ್ಟಿದರೆ ಮುಂದೆ ಬೆಸುಗೆ ಮಣ್ಣಿಗೆ ತಾಗಿ ಬುಡ ಕೊಳೆತು ಅಂಟು ಸೋರುತ್ತದೆ. ಚಾಕುವಿನ ಹಿಂಬದಿಯಿಂದ ಎತ್ತಿದರೆ ಸಿಪ್ಪೆ ಸಲೀಸಾಗಿ ಬಿಡಬೇಕು. ಹರಿದುಕೊಂಡು ಬಂದರೆ ಸಸಿಯಲ್ಲಿ ರಸದ ಓಡಾಟ ಕಡಿಮೆ ಎಂದು ತಿಳಿಯಿರಿ. ಚೆನ್ನಾಗಿ ನೀರುಣಿಸಿ ಕೆಲವು ದಿನ ಕಾಯಿರಿ. ಎಲೆ ಕತ್ತರಿಸಿ ತೊಟ್ಟು ಮಾತ್ರ ಉಳಿಸಿದ ಕಣ್ಣನ್ನು ಒಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿ. ಸುಮಾರು ಮೂರು ವಾರದ ಹೊತ್ತಿಗೆ ಆ ತೊಟ್ಟೇ ಫಲಿತಾಂಶ ಹೇಳುತ್ತದೆ: ಬೆರಳು ತಾಗಿದೊಡನೆ ಉದುರಿ, ಕಣ್ಣು ಹಸಿರಾಗಿದ್ದರೆ ಕಸಿ ಕೂತಿದೆ. ತೊಟ್ಟು ಒಣಗಿ ಕಚ್ಚಿಕೊಂಡಿದ್ದರೆ ಕೂತಿಲ್ಲ. ಆಗಲೂ ಸಸಿಯ ತಲೆ ಕಡಿದಿರುವುದಿಲ್ಲವಾದ್ದರಿಂದ ಇನ್ನೊಂದು ಬದಿಯಲ್ಲಿ ಮತ್ತೊಂದು ಕಣ್ಣು ಹಾಕಬಹುದು. ಬಂಡವಾಳ ಕಡಿಮೆಯಿರುವವರಿಗೆ ಇದು ದೊಡ್ಡ ಆಸರೆ.

ಮಾವಿನ ಲೆಕ್ಕ ಬೇರೆ. ಮಾವಿಗೂ ಕಣ್ಣು ಹಾಕುವವರಿದ್ದಾರೆ. ಆದರೆ ಮಳೆಗಾಲದಲ್ಲಿ ಮೃದುಕಾಂಡ ಕಸಿಯೇ ಸರಿ. ತುದಿಮೊಗ್ಗಿರುವ ಇಡೀ ಕಡ್ಡಿ ತನ್ನಲ್ಲೇ ಆಹಾರ ಇಟ್ಟುಕೊಂಡಿರುತ್ತದೆ, ಬೇಗ ಚಿಗುರುತ್ತದೆ. ಕಡ್ಡಿ ತೆಗೆಯುವ ಎಂಟು ಹತ್ತು ದಿನ ಮೊದಲೇ ಮರದಲ್ಲಿದ್ದಂತೆ ಅದರ ಎಲೆಗಳನ್ನು ಕತ್ತರಿಸಿ ತೊಟ್ಟು ಬಿಡಬೇಕು. ತೊಟ್ಟುಗಳು ಉದುರಿ ತುದಿಮೊಗ್ಗು ಉಬ್ಬಿದಾಗ ಕಡ್ಡಿ ಸಿದ್ಧ. ಈ ಹೆಜ್ಜೆ ಬಿಟ್ಟವರ ಕಸಿಗಳೇ ಹೆಚ್ಚು ಸಾಯುವುದು. ಸಸಿಯ ಎಳೆಯ ಭಾಗವನ್ನು ಕತ್ತರಿಸಿ ನಡುವೆ ಸೀಳಿ, ಅಷ್ಟೇ ದಪ್ಪದ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಇಳಿಸಿ. ದಪ್ಪ ಹೊಂದದಿದ್ದರೆ ಒಂದು ಬದಿಯಲ್ಲಾದರೂ ಸಿಪ್ಪೆಗೆ ಸಿಪ್ಪೆ ಕೂಡಲೇಬೇಕು. ಬಿಗಿಯಾಗಿ ಕಟ್ಟಿ, ತೇವ ಆರದಂತೆ ಕಡ್ಡಿಗೆ ಉದ್ದನೆಯ ಪ್ಲಾಸ್ಟಿಕ್ ಟೊಪ್ಪಿ ಹಾಕಿ. ಕಡ್ಡಿ ಹಸಿರಾಗಿದೆ ಎಂದ ಮಾತ್ರಕ್ಕೆ ಗೆದ್ದಂತಲ್ಲ, ಒಳಗಿನ ತೇವವೇ ಕೆಲ ದಿನ ಹಾಗೆ ಕಾಣಿಸುತ್ತದೆ. ಚಿಗುರು ಬಿಚ್ಚಿದಾಗಲೇ ನಂಬಿ. ಕಪ್ಪಾದರೆ ಸಸಿ ಕೆಳಗಿನಿಂದ ಮತ್ತೆ ಚಿಗುರುವವರೆಗೆ ಕಾಯಬೇಕು.

ಒಂದು ಕೋರಿಕೆ. ಹಸಿರು-ಹಳದಿ ಮಚ್ಚೆಗಳು ಎಲೆಯ ಎರಡು ಬದಿಯಲ್ಲಿ ಒಂದೇ ಸಮ ಇಲ್ಲದ, ಓರೆಯಾದ ಸಣ್ಣ ಕಾಯಿ ಬಿಡುವ ಮೋಸಂಬಿ ಮರದಿಂದ ಒಂದು ಕಣ್ಣನ್ನೂ ತೆಗೆಯಬೇಡಿ. ಅದು ಗ್ರೀನಿಂಗ್ ರೋಗದ ಗುರುತು. ಕಣ್ಣಿನ ಜೊತೆ ರೋಗವೂ ನಿಮ್ಮಿಂದ ಗಿಡ ಕೊಂಡ ರೈತರ ತೋಟ ಸೇರುತ್ತದೆ, ಅದಕ್ಕೆ ಔಷಧಿಯಿಲ್ಲ.