‘ಹೇಗಿದ್ದೀರಾ?’ ಎಂದರೆ ಏನೆನ್ನುವುದು?

ಕಾಗದ ಬರೆಯುವ ಕಾಲದಲ್ಲಿ ‘ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ’ ಎಂಬ ಸಾಲು ಪ್ರತಿ ಮನೆಯ ಪತ್ರದಲ್ಲೂ ಇರುತ್ತಿತ್ತು. ಬರೆದವನಿಗೆ ಜ್ವರವಿರಲಿ, ಸಾಲವಿರಲಿ, ಆ ಸಾಲು ತಪ್ಪುತ್ತಿರಲಿಲ್ಲ. ಅದನ್ನು ಯಾರೂ ಸುಳ್ಳೆಂದು ಕರೆಯಲಿಲ್ಲ. ಆದರೆ ಸಾವಿನ ಸುದ್ದಿ ಹೊತ್ತ ಕಾಗದದಲ್ಲಿ ಮಾತ್ರ ಆ ಸಾಲು ಇರುತ್ತಿರಲಿಲ್ಲ. ‘ಅಶುಭ’ ಎಂಬ ಒಂದು ಪದ ತಲೆಯಲ್ಲಿ ಕೂತು, ಮುಂದಿನದನ್ನು ಓದುವವನು ಹೇಗೆ ಓದಬೇಕೆಂದು ಹೇಳಿಬಿಡುತ್ತಿತ್ತು. ಉಪಚಾರದ ಮಾತು ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲಬೇಕು ಎಂಬುದು ಆ ರೂಢಿಗೆ ಗೊತ್ತಿತ್ತು.

ಎದುರಾಬದುರು ಆಡುವ ಮಾತಿಗೆ ಅಂಥ ಗುರುತು ಇಲ್ಲ. ಮನೆಯಲ್ಲಿ ಕರ್ಮಾಂತರ ನಡೆಯುವಷ್ಟು ದಿನ ಬಂದವರು ಸುಮ್ಮನೆ ಕೂತು ಹೋಗುತ್ತಾರೆ. ಹೇಗಿದ್ದೀರಿ ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ವೈಕುಂಠ ಸಮಾರಾಧನೆ ಮುಗಿದು, ದುಃಖದಲ್ಲಿರುವವರು ಮತ್ತೆ ಕೆಲಸಕ್ಕೆ ಹೊರಟ ದಿನ ಪ್ರಶ್ನೆ ಶುರುವಾಗುತ್ತದೆ. ಗೇಟಿನ ಬಳಿ ನೆರೆಮನೆಯವರು, ಮೆಟ್ಟಿಲ ಮೇಲೆ ಸಹೋದ್ಯೋಗಿ, ಎಲ್ಲರದೂ ಅದೇ ಮಾತು: ‘ಹೇಗಿದ್ದೀರಾ?’ ಬಾಯಿಗೆ ಮೊದಲು ಬರುವ ಉತ್ತರ ‘ಚೆನ್ನಾಗಿದ್ದೀನಿ’. ಅದು ಸುಳ್ಳೇ?

ಸುಳ್ಳಿನ ವಿಷಯದಲ್ಲಿ ಅತ್ಯಂತ ಕಟ್ಟುನಿಟ್ಟಿನವನೆಂದು ಹೆಸರಾದ ಇಮ್ಯಾನ್ಯುಯೆಲ್ ಕಾಂಟ್ ಕೂಡ ಇಲ್ಲಿ ಒಂದು ಗಳಿಗೆ ನಿಲ್ಲುತ್ತಾನೆ. 1797ರ ತನ್ನ ನೀತಿಗ್ರಂಥದಲ್ಲಿ, ಪತ್ರದ ಕೊನೆಗೆ ‘ನಿಮ್ಮ ವಿಧೇಯ ಸೇವಕ’ ಎಂದು ಬರೆಯುವ ಸೌಜನ್ಯವನ್ನು ಸುಳ್ಳೆನ್ನಬೇಕೆ ಎಂದು ಕೇಳಿ, ಅದರಿಂದ ಯಾರೂ ಮೋಸಹೋಗುವುದಿಲ್ಲವಲ್ಲ ಎನ್ನುತ್ತಾನೆ. ಅದಕ್ಕೂ ಮೊದಲು, 1792ರಲ್ಲಿ, ಸಂಕಟದಲ್ಲಿ ತನಗೆ ಪತ್ರ ಬರೆದ ತರುಣಿಯೊಬ್ಬಳಿಗೆ ಉತ್ತರಿಸುವಾಗ ಅವನು ಇನ್ನೊಂದು ಭೇದ ಮಾಡಿದ್ದ: ಮನಸ್ಸಿನಲ್ಲಿರುವುದನ್ನೆಲ್ಲ ಹೇಳದಿರುವುದು ಬೇರೆ, ಇಲ್ಲದ್ದನ್ನು ಇದೆಯೆಂದು ಹೇಳುವುದು ಬೇರೆ. ನಮ್ಮ ಪ್ರಶ್ನೆಗೆ ಬೇಕಾದದ್ದು ಈ ಎರಡನೆಯ ಮಾತು. ಪ್ರಾಮಾಣಿಕ ಉತ್ತರವೆಂದರೆ ಪೂರ್ತಿ ಉತ್ತರವಲ್ಲ. ಎಷ್ಟು ಹೇಳುತ್ತೇವೋ ಅಷ್ಟು ನಿಜವಾಗಿದ್ದರೆ ಸಾಕು.

ಆದರೂ ‘ಚೆನ್ನಾಗಿದ್ದೀನಿ’ ಎಂದಮೇಲೆ ದುಃಖಿಗೆ ಏನೋ ಚುಚ್ಚುತ್ತದೆ. ಕೇಳಿದವರಿಗೆ ಮೋಸ ಮಾಡಿದೆನೆಂಬ ಅಳುಕಲ್ಲ ಅದು. ಹೋದವರು ಹೋದದ್ದು ತನಗೇನೂ ಅಲ್ಲ ಎಂದು ತನ್ನ ಬಾಯಿಂದಲೇ ಹೇಳಿದಂತಾಯಿತಲ್ಲ ಎಂಬ ಸಂಕಟ. ಜೊತೆಗೆ ಲೋಕದ ಲೆಕ್ಕವೂ ಇದೆ. ನಾಲ್ಕು ಜನರಿಗೆ ನಾಲ್ಕು ದಿನ ‘ಚೆನ್ನಾಗಿದ್ದೀನಿ’ ಎಂದರೆ, ಅವರು ಅದನ್ನು ನಂಬಿ ಕೇಳುವುದನ್ನು ನಿಲ್ಲಿಸುತ್ತಾರೆ. ಮೂರನೇ ತಿಂಗಳಿನಲ್ಲಿ ನಿಜವಾಗಿ ಕುಸಿದಾಗ, ‘ಅವತ್ತು ಚೆನ್ನಾಗಿದ್ದೀನಿ ಅಂದ್ರಲ್ಲ’ ಎಂಬ ಗೋಡೆ ಎದುರಿಗೆ ನಿಂತಿರುತ್ತದೆ.

ಕನ್ನಡ ಇಲ್ಲಿ ಒಂದು ಉಪಕಾರ ಮಾಡಿದೆ. ‘ಹೇಗಿದ್ದೀರಾ’ ಎಂಬ ಪ್ರಶ್ನೆಯಲ್ಲಿ ಎರಡು ಭಾಗ: ಹೇಗೆ, ಇದ್ದೀರಾ. ಉತ್ತರಿಸುವವರು ಮೊದಲ ಭಾಗವನ್ನು ಬಿಟ್ಟು ಎರಡನೆಯದಕ್ಕೆ ಮಾತ್ರ ಉತ್ತರಿಸಬಹುದು: ‘ಇದ್ದೀನಿ.’ ವ್ಯಾಕರಣದಲ್ಲಿ ಅದು ಅರ್ಧ ಉತ್ತರ, ಅನುಭವದಲ್ಲಿ ಪೂರ್ತಿ ನಿಜ. ಕೇಳುವ ಕನ್ನಡಿಗರಿಗೆ ಬಿಟ್ಟುಹೋದ ‘ಚೆನ್ನಾಗಿ’ ಕೇಳಿಸುತ್ತದೆ. ‘ದಿನ ಹೋಗ್ತಾ ಇದೆ’ ಎಂಬುದೂ ಇಂಥದ್ದೇ. ಇನ್ನೊಂದು ಸಣ್ಣ ಪದ ‘ಇವತ್ತು’. ಗಂಡನನ್ನು ಹಠಾತ್ತನೆ ಕಳೆದುಕೊಂಡ ಶೆರಿಲ್ ಸ್ಯಾಂಡ್‌ಬರ್ಗ್ 2015ರಲ್ಲಿ, ಸಾವಾದ ತಿಂಗಳ ಬಳಿಕ ಬರೆದ ಟಿಪ್ಪಣಿಯಲ್ಲಿ, ‘ಹೇಗಿದ್ದೀರಿ’ ಎನ್ನುವುದಕ್ಕಿಂತ ‘ಇವತ್ತು ಹೇಗಿದ್ದೀರಿ’ ಎಂದು ಕೇಳುವುದು ಮೇಲು ಎಂದಿದ್ದರು. ಒಂದೊಂದು ದಿನ ದಾಟುವುದಷ್ಟೇ ತನ್ನಿಂದ ಸಾಧ್ಯವೆಂದು ಕೇಳುವವರಿಗೆ ತಿಳಿದಿದೆ ಎಂಬುದು ಆಗ ಗೊತ್ತಾಗುತ್ತದೆ. ಕೇಳುವವರು ಆ ಪದ ಸೇರಿಸದಿದ್ದರೆ ಉತ್ತರಿಸುವವರೇ ಸೇರಿಸಿಕೊಳ್ಳಬಹುದು: ‘ಇವತ್ತು ಪರವಾಗಿಲ್ಲ.’ ನಾಳೆಯ ಬಗ್ಗೆ ಅದು ಯಾವ ಮಾತನ್ನೂ ಕೊಡುವುದಿಲ್ಲ.

ಎಲ್ಲರಿಗೂ ಒಂದೇ ಉತ್ತರ ಸಲ್ಲದು. ಹೆಂಡತಿಯನ್ನು ಕಳೆದುಕೊಂಡು ಹದಿನಾರನೆಯ ದಿನ ಶಾಲೆಗೆ ಮರಳುವ ಹೈಸ್ಕೂಲು ಮೇಷ್ಟರೊಬ್ಬರನ್ನು ಊಹಿಸಿಕೊಳ್ಳಿ. ಕೇಳಿದವರ ಕಾಲನ್ನು ನೋಡಿದರೆ ಅವರಿಗೆ ಅರ್ಧ ತಿಳಿಯುತ್ತದೆ. ಮೆಟ್ಟಿಲಿಳಿಯುತ್ತಾ ‘ಹೇಗಿದ್ದೀರಾ ಸಾರ್’ ಎಂದ ಪಿ.ಟಿ. ಮೇಷ್ಟರ ಕಾಲು ನಿಂತಿಲ್ಲ, ಬೆಲ್ ಆಗಿದೆ. ಅವರಿಗೆ ‘ಇದ್ದೀನಿ ಸಾರ್’ ಸಾಕು. ಗೇಟಿನಲ್ಲಿ ಹಾಲಿನ ಪ್ಯಾಕೆಟ್ ಹಿಡಿದ ಪಕ್ಕದ ಮನೆಯಾಕೆ ನಿಂತಿದ್ದಾರೆ, ಆದರೆ ಮಕ್ಕಳು ಒಳಗಿಂದ ಕೂಗುತ್ತಿದ್ದಾರೆ. ಅವರಿಗೆ ‘ಮನೆ ಖಾಲಿ ಅನ್ಸುತ್ತೆ ಕಣಮ್ಮ. ಇವತ್ತು ಶಾಲೆಗೆ ಹೊರಟಿದ್ದೀನಿ’ ಎನ್ನಬಹುದು. ಮೊದಲ ವಾಕ್ಯ ನಿಜ ಹೇಳುತ್ತದೆ, ಎರಡನೆಯದು ಮಾತನ್ನು ಮುಗಿಸುತ್ತದೆ. ಸ್ಟಾಫ್ ರೂಮಿನಲ್ಲಿ ಹಳೆಯ ಸಹೋದ್ಯೋಗಿ ಕುರ್ಚಿ ಎಳೆದು ಕೂತೇ ಕೇಳುತ್ತಾರೆ. ಅವರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ: ‘ಕಷ್ಟ ಆಗ್ತಿದೆ. ಈಗ ಮಾತಾಡಿದ್ರೆ ಮುಂದಿನ ಪೀರಿಯಡ್ ತಗೊಳ್ಳೋಕೆ ಆಗಲ್ಲ. ಸಂಜೆ ಸಿಗ್ತೀರಾ?’ ಇದರಲ್ಲಿ ನಿಜವಿದೆ, ಗಡಿಯಿದೆ, ಬಾಗಿಲೂ ತೆರೆದಿದೆ. ಇವರಿಗೂ ‘ಚೆನ್ನಾಗಿದ್ದೀನಿ’ ಎಂದಿದ್ದರೆ, ಕೂತು ಕೇಳುವಷ್ಟು ಕಾಳಜಿ ಇದ್ದ ಒಬ್ಬರನ್ನು ಮೆಟ್ಟಿಲಿಳಿಯುತ್ತ ಕೇಳಿದವರ ಸಾಲಿಗೇ ಸೇರಿಸಿದಂತಾಗುತ್ತಿತ್ತು.

ನಿಜ ಹೇಳಿದರೆ ತೊಡಕೂ ಉಂಟು. ‘ಕಷ್ಟ ಆಗ್ತಿದೆ’ ಎಂದ ಕೂಡಲೇ ‘ಧೈರ್ಯ ತಗೊಳ್ಳಿ’, ‘ಮಕ್ಕಳ ಮುಖ ನೋಡಿ’, ‘ಎಲ್ಲಾ ಅವನ ಇಚ್ಛೆ’ ಎಂಬ ಮಾತುಗಳು ಬರುತ್ತವೆ. ಆಗ ದುಃಖಿಯೇ ಕೇಳಿದವರನ್ನು ಸಮಾಧಾನ ಮಾಡುವ ಸ್ಥಿತಿಗೆ ಬೀಳುತ್ತಾರೆ. ಹೇಳಿದ್ದಕ್ಕಿಂತ ಹೇಳಿದಮೇಲಿನದೇ ದಣಿಸುತ್ತದೆ. ಇದಕ್ಕೆ ವಾದ ಬೇಕಿಲ್ಲ. ‘ಕೇಳಿದ್ರಲ್ಲ, ಅಷ್ಟು ಸಾಕು’ ಎಂದರೆ ಉಪದೇಶಕ್ಕೆ ಜಾಗವಿರುವುದಿಲ್ಲ, ಕೇಳಿದವರ ಮುಖವೂ ಉಳಿಯುತ್ತದೆ. ಏನಾದರೂ ಮಾಡಲೇಬೇಕೆಂದು ತವಕಿಸುವವರಿಗೆ ಒಂದು ಸಣ್ಣ ಕೆಲಸ ಕೊಡಬಹುದು: ‘ನಾಳೆ ಮೊದಲನೇ ಪೀರಿಯಡ್ ನೋಡ್ಕೋತೀರಾ?’ ಅದೂ ಹೇಗಿದ್ದೀರಿ ಎಂಬುದಕ್ಕೆ ನಿಜವಾದ ಉತ್ತರವೇ.

ಎಲ್ಲಕ್ಕಿಂತ ಕಠಿಣವಾದದ್ದು ಸುದ್ದಿ ತಿಳಿಯದವರ ಪ್ರಶ್ನೆ: ‘ಮನೆಯವ್ರು ಹೇಗಿದ್ದಾರೆ?’ ಇಲ್ಲಿ ‘ಇದ್ದಾರೆ’ ಎಂದರೆ ಅದು ಉಪಚಾರವಲ್ಲ, ಸುಳ್ಳು. ಕೇಳಿದವರು ಅದನ್ನು ನಂಬಿಯೇ ನಂಬುತ್ತಾರೆ, ಮುಂದೆ ನಿಜ ತಿಳಿದಾಗ ಇಬ್ಬರಿಗೂ ನೋವು. ‘ಹೋದ ತಿಂಗಳು ತೀರ್ಕೊಂಡ್ರು. ನಿಮಗೆ ಗೊತ್ತಿರ್ಲಿಲ್ಲ ಅನ್ಸುತ್ತೆ’ ಎನ್ನುವುದು ಎರಡೇ ವಾಕ್ಯ. ಎರಡನೆಯದು ಕೇಳಿದವರ ಮುಜುಗರವನ್ನು ಮೊದಲೇ ಮನ್ನಿಸಿಬಿಡುತ್ತದೆ.

ಕೊನೆಗೆ, ಪ್ರಾಮಾಣಿಕತೆ ಇನ್ನೊಂದು ದಿಕ್ಕಿನಲ್ಲೂ ಪರೀಕ್ಷೆಗೆ ಬರುತ್ತದೆ. ಒಂದು ದಿನ ಮೇಷ್ಟರು ತರಗತಿಯಲ್ಲಿ ಹುಡುಗನೊಬ್ಬನ ಉತ್ತರ ಕೇಳಿ ಮನಸಾರೆ ನಗುತ್ತಾರೆ. ಸಂಜೆ ಪಕ್ಕದ ಮನೆಯಾಕೆ ಕೇಳಿದಾಗ, ನಕ್ಕದ್ದು ನೆನಪಾಗಿ, ಮುಖ ಸಣ್ಣ ಮಾಡಿಕೊಂಡು ‘ಏನೋ ಇದ್ದೀನಿ’ ಎನ್ನಬೇಕೆನಿಸುತ್ತದೆ. ಆ ದಿನದ ಮಟ್ಟಿಗೆ ಅದೇ ಸುಳ್ಳು. ‘ಇವತ್ತು ಚೆನ್ನಾಗಿದ್ದೆ ಕಣಮ್ಮ’ ಎಂಬುದೇ ನಿಜ. ಹದಿನಾರನೆಯ ದಿನ ಬಾಯಿಗೆ ಬರದ ಆ ಪದವನ್ನು ಈಗ ಆಡಿದರೆ ಹೋದವರಿಗೇನೂ ಕಡಿಮೆಯಾಗುವುದಿಲ್ಲ. ಅಂದು ಅದನ್ನು ಆಡದೆ ಉಳಿಸಿಕೊಂಡಿದ್ದರಿಂದಲೇ ಇಂದು ಅದಕ್ಕೆ ಅರ್ಥವಿದೆ.