ಗೊತ್ತಿರಲಿಲ್ಲ ಅಂದ್ರೆ ಸಾಕಾ?

2008ರ ಡಿಸೆಂಬರ್ 16. ಸತ್ಯಂ ಕಂಪನಿಯ ಬೋರ್ಡ್ ಮೀಟಿಂಗ್. ಅಧ್ಯಕ್ಷ ರಾಮಲಿಂಗ ರಾಜು ಒಂದು ಪ್ರಸ್ತಾಪ ಇಟ್ಟರು: ಅವರ ಕುಟುಂಬದ ಹಿಡಿತದಲ್ಲಿದ್ದ ಎರಡು ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಸತ್ಯಂ ಕೊಂಡುಕೊಳ್ಳಬೇಕು. ಸಾಫ್ಟ್‌ವೇರ್ ಕಂಪನಿಗೆ ರಿಯಲ್ ಎಸ್ಟೇಟ್ ಯಾಕೆ ಅಂತ ಸ್ವತಂತ್ರ ನಿರ್ದೇಶಕರು ಪ್ರಶ್ನೆಗಳನ್ನೇನೋ ಕೇಳಿದರು. ಕೊನೆಗೆ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಹೂಡಿಕೆದಾರರು ಸಿಟ್ಟಿಗೆದ್ದ ಮೇಲೆ ಕೆಲವೇ ಗಂಟೆಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ಮೂರು ವಾರ ಕಳೆದು, 2009ರ ಜನವರಿ 7ರಂದು, ರಾಜು ಪತ್ರ ಬರೆದು ಒಪ್ಪಿಕೊಂಡರು: ಲೆಕ್ಕಪುಸ್ತಕದಲ್ಲಿ ತೋರಿಸಿದ್ದ ನಗದಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಬೋರ್ಡಿನ ಇತರರಿಗೆ ಇದು ಗೊತ್ತಿರಲಿಲ್ಲ ಅಂತಲೂ ಅದೇ ಪತ್ರದಲ್ಲಿತ್ತು. 2015ರಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿ ಹತ್ತು ಜನರಿಗೆ ಶಿಕ್ಷೆ ಕೊಟ್ಟಿತು. ಅವರಲ್ಲಿ ಸ್ವತಂತ್ರ ನಿರ್ದೇಶಕರು ಯಾರೂ ಇರಲಿಲ್ಲ.

ಈ ಎರಡೂ ಘಟನೆಗಳನ್ನು ಸೇರಿಸಿ ‘ಬೋರ್ಡ್ ನಿದ್ದೆ ಮಾಡ್ತಿತ್ತು’ ಅಂದುಬಿಡೋದು ಸುಲಭ. ಆದರೆ ನೈತಿಕವಾಗಿ ಇವು ಬೇರೆಬೇರೆ. ಇಲ್ಲದ ನಗದನ್ನು ಅವರಿಂದ ಮುಚ್ಚಿಡಲಾಗಿತ್ತು. ಮೇಟಾಸ್ ಮಾತ್ರ ಅವರ ಕಣ್ಣೆದುರೇ, ಮೇಜಿನ ಮೇಲೇ ಇತ್ತು. ಅನುಮಾನ ಬಂದಿತ್ತು, ಆದರೂ ಕೈ ಎತ್ತಿದರು. ಸತ್ಯಂ ಆದ ಮೇಲೆ ಬಂದ 2013ರ ಕಂಪನಿ ಕಾಯ್ದೆ ಸ್ವತಂತ್ರ ನಿರ್ದೇಶಕರ ಹೊಣೆಯನ್ನು ಅಳೆಯುವುದು ಇದೇ ವ್ಯತ್ಯಾಸದ ಮೇಲೆ.

ಪೂರ್ಣಾವಧಿ ನಿರ್ದೇಶಕರ ವಿಷಯ ಸರಳ. ಕಂಪನಿ ಕಾನೂನು ತಪ್ಪಿದಾಗ ‘ತಪ್ಪಿತಸ್ಥ ಅಧಿಕಾರಿ’ ಯಾರು ಅನ್ನುವ ವ್ಯಾಖ್ಯೆಯಲ್ಲಿ ಮೊದಲು ಬರೋದೇ ಅವರು. ಆಫೀಸು ಅವರದು, ಸಹಿ ಅವರದು, ಸಿಬ್ಬಂದಿ ಅವರ ಮಾತು ಕೇಳುತ್ತಾರೆ. ಹೀಗಾಗಿ ಕುರ್ಚಿಯೇ ಹೊಣೆಯನ್ನು ತರುತ್ತದೆ. ಸ್ವತಂತ್ರ ನಿರ್ದೇಶಕರು ವರ್ಷಕ್ಕೆ ನಾಲ್ಕಾರು ಮೀಟಿಂಗಿಗೆ ಬರುವವರು. ಒಂದು ಮೀಟಿಂಗಿಗೆ ಅವರಿಗೆ ಕೊಡಬಹುದಾದ ಶುಲ್ಕದ ಮಿತಿ ಒಂದು ಲಕ್ಷ ರೂಪಾಯಿ. ಕಂಪನಿಯ ಒಳಗೆ ನಡೆಯುವುದಕ್ಕೆಲ್ಲ ಅವರನ್ನು ಹೊಣೆ ಮಾಡಿದರೆ ಮಾನವಂತರು ಯಾರೂ ಆ ಕೆಲಸಕ್ಕೆ ಬರೋದಿಲ್ಲ. ಅದಕ್ಕೇ 149ನೇ ಸೆಕ್ಷನ್ನಿನ 12ನೇ ಉಪವಿಧಿ ಅವರಿಗೆ ರಕ್ಷಣೆ ಕೊಡುತ್ತದೆ. ತಪ್ಪು ಅವರ ಅರಿವಿನಲ್ಲಿ ನಡೆದಿರಬೇಕು, ಆ ಅರಿವು ಬೋರ್ಡಿನ ಕಲಾಪದ ಮೂಲಕ ಬಂದದ್ದಾಗಿರಬೇಕು. ಜೊತೆಗೆ ಅವರ ಒಪ್ಪಿಗೆ ಅಥವಾ ಶಾಮೀಲು ಇರಬೇಕು, ಇಲ್ಲವೇ ಅವರು ಶ್ರದ್ಧೆಯಿಂದ ನಡೆದುಕೊಂಡಿರಬಾರದು.

ಕೊನೆಯ ಆ ‘ಇಲ್ಲವೇ’ ಇದೆಯಲ್ಲ, ನನ್ನ ಕಣ್ಣು ನಿಲ್ಲೋದು ಅಲ್ಲೇ. ಒಂದು ಕಲ್ಪಿತ ಉದಾಹರಣೆ ತಗೊಳ್ಳೋಣ. ಒಂದು ಕಂಪನಿ ಜನರಿಂದ ಠೇವಣಿ ತಗೊಂಡಿದೆ, ಅವಧಿ ಮುಗಿದರೂ ವಾಪಸ್ ಕೊಟ್ಟಿಲ್ಲ. ಬೋರ್ಡ್ ಮೀಟಿಂಗಿಗೆ ವಾರದ ಮೊದಲು ಬಂದ 240 ಪುಟಗಳ ಕಡತದ 187ನೇ ಪುಟದಲ್ಲಿ ಆ ಬಾಕಿಯ ಪಟ್ಟಿ ಇದೆ. ಒಬ್ಬರು ಅದನ್ನು ಓದಿ ‘ಇದೇನು?’ ಅಂತ ಕೇಳುತ್ತಾರೆ. ಎಂ.ಡಿ. ‘ಮುಂದಿನ ತಿಂಗಳು ಸರಿಹೋಗುತ್ತೆ’ ಅನ್ನುತ್ತಾರೆ. ಇವರು ಅಷ್ಟಕ್ಕೇ ಬಿಡದೆ ತಮ್ಮ ಆಕ್ಷೇಪವನ್ನು ನಡವಳಿಯಲ್ಲಿ ಬರೆಸುತ್ತಾರೆ. ಇನ್ನೊಬ್ಬರು ಕಡತವನ್ನು ತೆರೆದೇ ಇಲ್ಲ.

ಆಮೇಲೆ ಕೇಸು ಬಂದಾಗ ಎರಡನೆಯವರು ಪ್ರಾಮಾಣಿಕವಾಗಿ ಹೇಳಬಹುದು: ‘ನನಗೆ ಗೊತ್ತಿರಲಿಲ್ಲ.’ ಮನಸ್ಸಿನ ಮಟ್ಟಿಗೆ ಅದು ನಿಜ. ಆದರೆ ಪಟ್ಟಿ ಅವರ ಕೈಗೆ ಬಂದಿತ್ತು. ಬೋರ್ಡಿನ ಮುಂದೆ ಬಂದದ್ದನ್ನು ಗೊತ್ತಿತ್ತು ಅಂತಲೇ ಭಾವಿಸಲು ಕಾಯ್ದೆಯ ಮಾತು ದಾರಿ ಬಿಡುತ್ತದೆ, ಮತ್ತು ಓದದೇ ಇದ್ದದ್ದೇ ಅಶ್ರದ್ಧೆ ಆಗುತ್ತದೆ. ಮೊದಲನೆಯವರಿಗೆ ಹೆಚ್ಚು ಗೊತ್ತಿತ್ತು, ಆದರೂ ಅವರೇ ಸುರಕ್ಷಿತ. ‘ಕಡಿಮೆ ತಿಳ್ಕೊಂಡಷ್ಟೂ ಒಳ್ಳೇದು’ ಅನ್ನುವ ಬುದ್ಧಿವಂತಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಅದೇ ಪಟ್ಟಿಯನ್ನು ಮ್ಯಾನೇಜ್‌ಮೆಂಟ್ ಕಡತಕ್ಕೆ ಹಾಕದೆ ಬಚ್ಚಿಟ್ಟಿದ್ದರೆ? ಅನುಮಾನ ಹುಟ್ಟಿಸುವ ಬೇರೆ ಸುಳಿವೂ ಇಲ್ಲದಿದ್ದರೆ ಇಬ್ಬರೂ ನಿರಪರಾಧಿಗಳು, ಎಂ.ಡಿ. ಅಲ್ಲ. ಇದು ನನಗೆ ನ್ಯಾಯ ಅನ್ನಿಸುತ್ತದೆ. ಅನ್ನಿಸದೇ ಇರುವುದೂ ಒಂದಿದೆ: ಠೇವಣಿ ಇಟ್ಟ ನಿವೃತ್ತ ಮೇಷ್ಟ್ರಿಗೆ ಈ ವ್ಯತ್ಯಾಸದಿಂದ ಒಂದು ರೂಪಾಯಿಯೂ ವಾಪಸ್ ಬರೋದಿಲ್ಲ. ಬೋರ್ಡಿನಲ್ಲಿ ಇಂಥ ದೊಡ್ಡ ಹೆಸರು ಇದೆ ಅಂತಲೇ ಅವರು ದುಡ್ಡು ಇಟ್ಟಿರಬಹುದು. ಹೆಸರನ್ನು ಬಾಡಿಗೆಗೆ ಕೊಟ್ಟವರು ಅದನ್ನು ನಂಬಿ ಬಂದವರಿಗೆ ಏನು ಬಾಕಿ ಅನ್ನೋದನ್ನ 149(12) ಕೇಳೋದಿಲ್ಲ.

ರಾಜೀನಾಮೆ ಕೊಟ್ಟರೂ ಅಧಿಕಾರದಲ್ಲಿದ್ದ ಅವಧಿಯ ತಪ್ಪುಗಳ ಹೊಣೆ ತಪ್ಪುವುದಿಲ್ಲ ಅಂತ 168ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ನಿಮ್ಮನ್ನು ಯಾರಾದರೂ ‘ಬರೀ ಮೀಟಿಂಗಿಗೆ ಬಂದು ಹೋಗಿ ಸಾರ್’ ಅಂತ ಬೋರ್ಡಿಗೆ ಕರೆದರೆ, ಒಪ್ಪುವ ಮೊದಲು ಹಳೆಯ ನಡವಳಿ ಪುಸ್ತಕ ಕೇಳಿ ನೋಡಿ. ವರ್ಷಗಟ್ಟಲೆ ಒಂದೇ ಒಂದು ಆಕ್ಷೇಪವೂ ದಾಖಲಾಗಿಲ್ಲ ಅಂದ್ರೆ, ಒಂದೋ ಅಲ್ಲಿ ಎಲ್ಲವೂ ಸರಿಯಾಗಿದೆ, ಇಲ್ಲಾ ಯಾರೂ 187ನೇ ಪುಟದವರೆಗೆ ಹೋಗಿಲ್ಲ.