ಧರ್ಮಸಂದೇಹ: ‘ಮಿಚ್ಛಾಮಿ ದುಕ್ಕಡಂ’ ಅಂದರೆ ಮುಗೀತೇನು?

ಪ್ರಶ್ನೆ: ನಮ್ಮ ಪಕ್ಕದ ಮನೆಯವರು ಜೈನರು. ಪ್ರತಿವರ್ಷ ಅವರ ಪರ್ಯುಷಣ ಮುಗಿದಾಗ ಬಂದು ಕೈಮುಗಿದು ‘ಮಿಚ್ಛಾಮಿ ದುಕ್ಕಡಂ’ ಅನ್ನುತ್ತಾರೆ. ಈ ವರ್ಷ ನನಗೂ ಅದು ಮನಸ್ಸಿಗೆ ಹಿಡಿಸಿ, ಅದೇ ಮಾತನ್ನು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದೆ. ಆ ಗುಂಪಿನಲ್ಲಿ ನಮ್ಮ ಅಣ್ಣನೂ ಇದ್ದಾನೆ. ತಂದೆಯವರ ಮನೆಯ ಬಾಡಿಗೆ ವಿಷಯದಲ್ಲಿ ಎರಡು ವರ್ಷದಿಂದ ನಮ್ಮಿಬ್ಬರಿಗೆ ಮಾತಿಲ್ಲ. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು, ಅವನೊಬ್ಬ ಹಾಕಲಿಲ್ಲ. ನಾನಂತೂ ಕ್ಷಮೆ ಕೇಳಿದ ಹಾಗಾಯ್ತಲ್ಲ, ದೋಷ ಇನ್ನು ಅವನದೇ ಅಲ್ಲವೇ? ನಮ್ಮವರು ಈ ಮಾತು ಹೇಳಬಹುದೇ? ಇದರ ಅರ್ಥವೇನು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ದಿನದ ವಿಚಾರ ಹೇಳಿಬಿಡುತ್ತೇನೆ, ಪಂಚಾಂಗ ನೋಡುವವನಿಗೆ ಅದು ಬಿಡದ ಚಟ. ನಮ್ಮ ಹುಬ್ಬಳ್ಳಿಯ ಮಾರವಾಡಿ, ಗುಜರಾತಿ ಜೈನರು ಬಹುತೇಕ ಶ್ವೇತಾಂಬರರು. ಅವರ ಪರ್ಯುಷಣ ಎಂಟು ದಿನ. ಕೊನೆಯ ದಿನ ಸಂವತ್ಸರಿ, ಭಾದ್ರಪದ ಶುದ್ಧ ಚೌತಿ, ಅಂದರೆ ನಾವು ಗಣಪತಿ ಕೂಡಿಸುವ ದಿನ. ಕೆಲವು ಪಂಗಡದವರು ಪಂಚಮಿಗೆ ಮಾಡುತ್ತಾರೆ. ನಮ್ಮ ಧಾರವಾಡ, ಬೆಳಗಾವಿ ಕಡೆಯ ಕನ್ನಡ ಜೈನರು ದಿಗಂಬರರು. ಅವರದು ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ದಶಲಕ್ಷಣ ಪರ್ವ, ಆಮೇಲೆ ಬಹುಳ ಪಾಡ್ಯದಂದು ಕ್ಷಮಾವಣಿ. ಉತ್ತರದ ಪಂಚಾಂಗದಲ್ಲಿ ಇದನ್ನು ಆಶ್ವಿನ ಕೃಷ್ಣ ಪಾಡ್ಯ ಅಂತ ಬರೆದಿರುತ್ತಾರೆ. ಅವರಿಗೆ ಹುಣ್ಣಿಮೆಗೆ ತಿಂಗಳು ಮುಗಿಯುತ್ತದೆ, ನಮಗೆ ಅಮಾವಾಸ್ಯೆಗೆ. ದಿನ ಒಂದೇ, ಗಾಬರಿ ಬೇಡ.

ಇನ್ನು ಮಾತಿನ ಅರ್ಥ. ಸಂಸ್ಕೃತ ಕಲಿತವರಿಗೂ ಇಲ್ಲಿ ಕಾಲು ಜಾರುತ್ತದೆ, ನನಗೂ ಜಾರಿತ್ತು. ‘ಮಿಚ್ಛಾಮಿ’ ಅಂದಕೂಡಲೇ ‘ಇಚ್ಛಾಮಿ’ ನೆನಪಾಗಿ, ‘ನಾನು ಬಯಸುತ್ತೇನೆ’ ಎಂಬ ಕ್ರಿಯಾಪದ ಅಂದುಕೊಳ್ಳುತ್ತೇವೆ. ಅದು ಹಾಗಲ್ಲ. ಇದು ಪ್ರಾಕೃತ. ಮಿಚ್ಛಾ ಅಂದರೆ ಮಿಥ್ಯಾ. ಮಿ ಅಂದರೆ ಮೇ, ನನ್ನ. ದುಕ್ಕಡಂ ಅಂದರೆ ದುಷ್ಕೃತಂ, ಕೆಟ್ಟ ಕೆಲಸ. ‘ನನ್ನ ದುಷ್ಕೃತ್ಯ ಮಿಥ್ಯೆಯಾಗಲಿ, ಬರಿದಾಗಲಿ’ ಎಂದಷ್ಟೇ ಇದರ ಅರ್ಥ. ಗಮನಿಸಿ, ಇದರಲ್ಲಿ ಕ್ಷಮೆ ಎಂಬ ಶಬ್ದವೇ ಇಲ್ಲ. ‘ನೀವು ನನ್ನನ್ನು ಕ್ಷಮಿಸಿ’ ಎಂದು ಎದುರಿನವನ ಮೇಲೆ ಹಾಕುವ ಮಾತು ಇದಲ್ಲ, ತಾನು ಮಾಡಿದ್ದನ್ನು ತಾನೇ ತಳ್ಳಿಹಾಕುವ ಮಾತು.

ಇನ್ನೊಂದು ಸೂಕ್ಷ್ಮ ಇದೆ. ಅವರ ಪ್ರತಿಕ್ರಮಣದ ಪಾಠಗಳಲ್ಲಿ ಈ ಮಾತು ಬರುವಾಗ ಮುಂದೆ ‘ತಸ್ಸ’ ಎಂಬ ಶಬ್ದ ಇರುತ್ತದೆ. ತಸ್ಸ ಅಂದರೆ ‘ಅದರ’. ಯಾವುದರ? ಅದಕ್ಕಿಂತ ಮೊದಲು ಹೇಳಿದ ತಪ್ಪಿನ. ಈರ್ಯಾಪಥ ಎಂಬ ಪಾಠವನ್ನೇ ತೆಗೆದುಕೊಳ್ಳಿ. ನಡೆದಾಡುವಾಗ ಆದ ಹಿಂಸೆಗೆ ಅದು. ಬೀಜ ತುಳಿದೆ, ಹಸಿರು ತುಳಿದೆ, ಇಬ್ಬನಿ, ಇರುವೆಗೂಡು, ಪಾಚಿ, ನೀರು, ಮಣ್ಣು, ಜೇಡನ ಬಲೆ ತುಳಿದೆ ಎಂದು ಒಂದೊಂದಾಗಿ ಎಣಿಸುತ್ತಾರೆ. ಆಮೇಲೆ ಒಂದು ಇಂದ್ರಿಯದ ಜೀವದಿಂದ ಐದು ಇಂದ್ರಿಯದ ಜೀವದವರೆಗೆ ಏನೇನು ಮಾಡಿದೆ ಎಂದು ಹತ್ತು ಬಗೆ ಹೇಳುತ್ತಾರೆ. ಒದ್ದೆ, ಧೂಳು ಮುಚ್ಚಿದೆ, ಉಜ್ಜಿದೆ, ಒಂದಕ್ಕೊಂದು ಡಿಕ್ಕಿ ಹೊಡೆಸಿದೆ, ಮುಟ್ಟಿ ನೋಯಿಸಿದೆ, ಬಳಲಿಸಿದೆ, ಹೆದರಿಸಿದೆ, ಇದ್ದ ಜಾಗದಿಂದ ಎತ್ತಿ ಬೇರೆ ಕಡೆ ಹಾಕಿದೆ, ಹೀಗೆ ಹೋಗಿ ಕೊನೆಗೆ ಜೀವ ತೆಗೆದೆ ಎಂಬುವವರೆಗೆ. ಇಷ್ಟೆಲ್ಲ ಹೇಳಿದ ಮೇಲೆ ‘ಅದರ’ ದುಷ್ಕೃತ ಮಿಥ್ಯೆಯಾಗಲಿ ಎನ್ನುವುದು. ಜಾಗ ಬದಲಿಸುವುದೂ ಒಂದು ಹಿಂಸೆ ಅಂತ ನನಗೆ ಹೊಳೆದೇ ಇರಲಿಲ್ಲ. ಮಳೆಗಾಲದಲ್ಲಿ ಉಣಕಲ್ ಕೆರೆ ದಂಡೆಗೆ ಬೆಳಿಗ್ಗೆ ಅಡ್ಡಾಡಲು ಹೋದಾಗ ಬಸವನಹುಳ ಕಂಡರೆ ಕಾಲಿನಿಂದಲೇ ಅತ್ತ ಸರಿಸುತ್ತಿದ್ದೆ, ಪುಣ್ಯದ ಕೆಲಸ ಅಂತ. ಈಗ ಸ್ವಲ್ಪ ನಿಂತು, ಅದು ಯಾವ ಕಡೆ ಹೊರಟಿತ್ತು ಅಂತ ನೋಡುತ್ತೇನೆ.

ನಮ್ಮಲ್ಲಿ ಇದು ಇಲ್ಲವೇ? ಇದೆ, ಬೇರೆ ದಾರಿಯಲ್ಲಿ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಗೃಹಸ್ಥನ ಮನೆಯಲ್ಲಿ ಐದು ಕೊಲೆಯ ಜಾಗ ಹೇಳಿದೆ: ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು-ಒನಕೆ, ನೀರಿನ ಕೊಡ. ದಿನಾ ಅಲ್ಲಿ ಸಾಯುವ ಜೀವಗಳ ದೋಷಕ್ಕೆ ಪಂಚಮಹಾಯಜ್ಞ. ವೈಶ್ವದೇವ ಮಾಡಿ ಇರುವೆ, ಕಾಗೆ, ನಾಯಿಗೆ ಅನ್ನ ಇಡುವುದು ಅದೇ. ಆದರೆ ಕ್ಷಮೆಯ ಮಾತು ಬಂದಾಗ ನಾವು ಪೂಜೆಯ ಕೊನೆಗೆ ಅದನ್ನು ದೇವರ ಹತ್ತಿರ ಕೇಳುತ್ತೇವೆ. ಇರುವೆಗೆ ಅನ್ನ ಕೊಡುತ್ತೇವೆ, ಇರುವೆಯ ಮುಂದೆ ತಪ್ಪು ಒಪ್ಪಿಕೊಳ್ಳುವುದಿಲ್ಲ. ಜೈನರಲ್ಲಿ ಕ್ಷಮಿಸುವ ಈಶ್ವರ ಇಲ್ಲ. ತೀರ್ಥಂಕರರು ರಾಗದ್ವೇಷ ಕಳೆದುಕೊಂಡವರು, ಅವರು ಯಾರ ಪಾಪವನ್ನೂ ಮನ್ನಿಸುವುದಿಲ್ಲ. ಆದ್ದರಿಂದ ನೋಯಿಸಿದವನು ನೊಂದವರ ಕಡೆಗೇ ತಿರುಗಬೇಕು.

ಸಂವತ್ಸರಿಯ ಸಂಜೆ ಹೇಳುವ ಇನ್ನೊಂದು ಪ್ರಾಕೃತ ಗಾಹೆ ಇದೆ. ಎಲ್ಲ ಜೀವಗಳೂ ನನ್ನನ್ನು ಕ್ಷಮಿಸಲಿ, ಎಲ್ಲರಲ್ಲೂ ನನಗೆ ಮೈತ್ರಿ ಇದೆ, ಯಾರಲ್ಲೂ ವೈರವಿಲ್ಲ ಎಂಬುದು ಅದರ ಭಾವ. ಅದರ ಮೊದಲ ಶಬ್ದವನ್ನು ಶ್ವೇತಾಂಬರರು ‘ಖಾಮೇಮಿ’ ಅನ್ನುತ್ತಾರೆ, ದಿಗಂಬರರ ಪಾಠದಲ್ಲಿ ‘ಖಮ್ಮಾಮಿ’ ಇದೆ. ಮೊದಲನೆಯದು ಪ್ರೇರಣಾರ್ಥಕ, ‘ಕ್ಷಮಿಸುವಂತೆ ಕೇಳಿಕೊಳ್ಳುತ್ತೇನೆ’. ಎರಡನೆಯದು ‘ನಾನು ಕ್ಷಮಿಸುತ್ತೇನೆ’. ಸಮಂತಭದ್ರರ ರತ್ನಕರಂಡ ಶ್ರಾವಕಾಚಾರದಲ್ಲಿ, ಸಲ್ಲೇಖನಕ್ಕೆ ಕೂಡುವವನು ಮನೆಯವರೊಡನೆ, ಆಳುಮಕ್ಕಳೊಡನೆ ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವಾಗ ಈ ಎರಡೂ ಒಟ್ಟಿಗೆ ಬರುತ್ತವೆ. ಅಲ್ಲಿ ಕ್ರಮ ಇದೆ: ಮೊದಲು ತಾನು ಕ್ಷಮಿಸಿ, ಆಮೇಲೆ ಒಳ್ಳೆಯ ಮಾತಿನಿಂದ ಕ್ಷಮೆ ಕೇಳಬೇಕು. ಸಿಟ್ಟು ಇಟ್ಟುಕೊಂಡು ಕ್ಷಮೆ ಕೇಳಿದರೆ ಅದು ಕೇಳಿದ ಹಾಗಲ್ಲ, ಲೆಕ್ಕ ಹಾಕಿದ ಹಾಗೆ.

ಆ ಮಾತು ಬರಿದಾಗುವುದು ಹೇಗೆ ಅನ್ನುವುದಕ್ಕೆ ಅವರ ಆವಶ್ಯಕ ಸೂತ್ರದ ಹಳೆಯ ವ್ಯಾಖ್ಯಾನಗಳಲ್ಲಿ ಒಂದು ಕಥೆ ಇದೆ. ಕುಂಬಾರನ ಮನೆಯಲ್ಲಿ ಸಾಧುಗಳು ತಂಗಿದ್ದರು. ಅವರಲ್ಲೊಬ್ಬ ಹುಡುಗ ಸಾಧು ಹರಳು ಬೀರಿ ಗಡಿಗೆಗೆ ತೂತು ಮಾಡಿದ. ಕುಂಬಾರ ಕೇಳಿದರೆ ‘ಮಿಚ್ಛಾಮಿ ದುಕ್ಕಡಂ’ ಅಂದ. ಮತ್ತೆ ಒಂದು ಗಡಿಗೆ, ಮತ್ತೆ ಅದೇ ಮಾತು. ಕೊನೆಗೆ ಕುಂಬಾರ ಅವನ ಕಿವಿ ಹಿಂಡಿದ. ಹುಡುಗ ‘ನೋವಾಗುತ್ತದೆ’ ಅಂದರೆ ‘ಮಿಚ್ಛಾಮಿ ದುಕ್ಕಡಂ’ ಅಂದು ಮತ್ತೆ ಹಿಂಡಿದ. ಇದನ್ನು ಬರೆದಿಟ್ಟವರು ಜೈನರೇ. ತಮ್ಮ ಮಾತು ಎಲ್ಲಿ ಸುಳ್ಳಾಗುತ್ತದೆ ಎಂದು ಅವರಿಗೇ ಚೆನ್ನಾಗಿ ಗೊತ್ತಿತ್ತು.

ನನ್ನದೇ ಒಂದು ಸಂಗತಿ ಹೇಳುತ್ತೇನೆ, ಸುಮಾರು ಇಪ್ಪತ್ತು ವರ್ಷದ ಹಿಂದಿನದು. ಹುಬ್ಬಳ್ಳಿಯ ಒಬ್ಬ ಜವಳಿ ವ್ಯಾಪಾರಿ, ಶ್ವೇತಾಂಬರ ಜೈನರು, ಮಗಳ ಜಾತಕ ತಂದಿದ್ದರು. ಹುಟ್ಟಿದ ವೇಳೆ ಸಂಜೆ 6 ಗಂಟೆ 10 ನಿಮಿಷ. ನಾನು ಅದನ್ನು ಬೆಳಗಿನದೆಂದು ತಿಳಿದು ಗಣಿತ ಮಾಡಿದೆ. ಚಿತ್ತಾ ಬರಬೇಕಾದಲ್ಲಿ ಹಸ್ತಾ ಬಂತು. ಹುಡುಗನದು ಜ್ಯೇಷ್ಠಾ. ಹಸ್ತಾ, ಜ್ಯೇಷ್ಠಾ ಎರಡೂ ಆದ್ಯ ನಾಡಿ. ‘ನಾಡಿದೋಷ ಇದೆ’ ಅಂದುಬಿಟ್ಟೆ, ಸಂಬಂಧ ಮುರಿಯಿತು. ಆಮೇಲೆ ಅವರು ಬೇರೆಯವರಿಗೆ ತೋರಿಸಿದ್ದಾರೆ, ತಪ್ಪು ಗೊತ್ತಾಗಿದೆ. ನನಗೆ ಯಾರೂ ಹೇಳಲಿಲ್ಲ.

ಮೂರು ತಿಂಗಳ ಮೇಲೆ, ಸಂವತ್ಸರಿಯ ಮರುದಿನ ಬೆಳಿಗ್ಗೆ, ನಮ್ಮ ಮನೆಗೆ ಗಣಪತಿ ನೋಡಲು ಬಂದವರ ನಡುವೆ ಅವರೂ ಬಂದು ನಿಂತರು. ಕೈಮುಗಿದು ಅಂದರು: “ಆಚಾರ್ರ, ಮೂರು ತಿಂಗಳಿಂದ ನಿಮ್ಮ ಮ್ಯಾಲೆ ಸಿಟ್ಟು ಇಟ್ಕೊಂಡೀನ್ರಿ. ಅಂಗಡ್ಯಾಗ ನಾಕು ಮಂದಿ ಮುಂದ ‘ಇವ್ರ ವಿದ್ಯಾ ಸುಳ್ಳು’ ಅಂತ ಹೇಳೀನಿ. ಅದು ನನ್ನ ತಪ್ಪು. ಮಿಚ್ಛಾಮಿ ದುಕ್ಕಡಂ.”

ಜಾತಕದ ವಿಷಯ ಎತ್ತಲೇ ಇಲ್ಲ. ನನ್ನಿಂದ ಏನನ್ನೂ ಕೇಳಲೂ ಇಲ್ಲ. ಅವರು ಹೋದ ಮೇಲೆ ನನಗೆ ಅನ್ನ ಇಳಿಯಲಿಲ್ಲ. ಯಾಕೆ ಸಿಟ್ಟು ಬಂದಿತ್ತು ಅಂತ ಹಳೆಯ ವಹಿ ತೆಗೆದು ನೋಡಿದೆ, ಸಂಜೆ ಅಂತ ನನ್ನ ಕೈಯಿಂದಲೇ ಬರೆದಿತ್ತು. ಸಂಜೆ ಅವರ ಅಂಗಡಿಗೆ ಹೋಗಿ ಒಪ್ಪಿಕೊಂಡೆ. ಅವರು ಅಂದದ್ದು ಇಷ್ಟೇ: “ನನ್ನ ಮುಂದ ಹೇಳಿದ್ರಿ, ಆತು. ಹುಡುಗನ ಮನ್ಯಾಗ ನನ್ನ ಮಗಳ ಜಾತಕದಾಗ ದೋಷ ಐತಿ ಅಂತ ಕುಂತಾರಲ್ರಿ, ಅಲ್ಲಿ ಯಾರು ಹೇಳಬೇಕು?” ಗದಗಿಗೆ ಹೋಗಿ ಆ ಮನೆಯ ಹಿರಿಯರ ಮುಂದೆ ತಪ್ಪು ನನ್ನದು ಅಂತ ಹೇಳಿ ಬಂದೆ. ಆ ಹುಡುಗನಿಗೆ ಅಷ್ಟರಲ್ಲಿ ಬೇರೆ ಕಡೆ ನಿಶ್ಚಯವಾಗಿತ್ತು. ಮುರಿದದ್ದು ಕೂಡಲಿಲ್ಲ. ಹುಡುಗಿಯ ಹೆಸರಿಗೆ ಅಂಟಿದ್ದು ಮಾತ್ರ ಹೋಯಿತು.

ಅವರ ಮಾತು ನನ್ನನ್ನು ಯಾಕೆ ತಟ್ಟಿತು ಎಂದು ಬಹಳ ದಿನ ಯೋಚಿಸಿದ್ದೇನೆ. ‘ತಿಳಿದೋ ತಿಳಿಯದೆಯೋ ಏನಾದರೂ ತಪ್ಪಾಗಿದ್ದರೆ’ ಅಂತ ಅವರು ಅನ್ನಲಿಲ್ಲ. ಆ ‘ಆಗಿದ್ದರೆ’ ಇರುವೆಗೆ, ಬಸವನಹುಳಕ್ಕೆ ಸರಿ, ಎಷ್ಟು ತುಳಿದೆವೋ ನಮಗೆ ಗೊತ್ತಿರುವುದಿಲ್ಲ. ಗೊತ್ತಿರುವ ತಪ್ಪಿಗೆ ‘ಆಗಿದ್ದರೆ’ ಸೇರಿಸಿದರೆ ಅದು ಒಪ್ಪಿಕೊಂಡದ್ದಲ್ಲ. ಅವರು ಸಿಟ್ಟು, ಅಂಗಡಿ, ನಾಲ್ಕು ಮಂದಿ ಎಂದು ಎಲ್ಲವನ್ನೂ ಹೆಸರಿಟ್ಟು ಹೇಳಿದರು. ‘ತಸ್ಸ’ ಅನ್ನುವ ಜಾಗ ಅವರ ಮಾತಿನಲ್ಲಿ ತುಂಬಿತ್ತು.

ಈಗ ತಮ್ಮ ವಿಷಯಕ್ಕೆ ಬರೋಣ. ನಮ್ಮವರು ಈ ಮಾತು ಹೇಳಬಹುದೇ ಅಂದರೆ ಹೇಳಬಹುದು, ದೀಕ್ಷೆ ಬೇಕಾದ ಮಂತ್ರ ಅಲ್ಲ ಅದು. ಪಕ್ಕದವರು ಬಂದಾಗ ಸುಮ್ಮನೆ ನಕ್ಕು ಕಳಿಸಬೇಡಿ. ಎದ್ದು ನಿಂತು ಕೈಮುಗಿದು ಅದೇ ಮಾತು ಹೇಳಿ, ಇಲ್ಲವೇ ಕನ್ನಡದಲ್ಲಿ ‘ನಮ್ಮಿಂದಲೂ ಆಗಿದೆ, ಕ್ಷಮಿಸಿ’ ಅನ್ನಿ. ದಿಗಂಬರರಾದರೆ ‘ಉತ್ತಮ ಕ್ಷಮಾ’ ಅನ್ನುವ ರೂಢಿ.

ಗುಂಪಿಗೆ ಹಾಕಿದ ಮಾತಿನಿಂದ ಅಣ್ಣನ ಹತ್ತಿರ ಕ್ಷಮೆ ಕೇಳಿದ ಹಾಗಾಗಿಲ್ಲ. ಅದರಲ್ಲಿ ಬಾಡಿಗೆಯ ಹೆಸರೇ ಇಲ್ಲ. ಅವರು ಉತ್ತರ ಕೊಡಲಿಲ್ಲವೆಂದು ದೋಷ ಅವರದಾಗುವುದೂ ಇಲ್ಲ. ಇರುವೆ ಎಂದಾದರೂ ಉತ್ತರ ಕೊಟ್ಟಿದೆಯೇ? ಎರಡು ವರ್ಷ ಅಂದಿರಲ್ಲ, ಅದಕ್ಕೊಂದು ಮಾತು. ಶ್ವೇತಾಂಬರರ ಕರ್ಮಗ್ರಂಥಗಳಲ್ಲಿ ಸಿಟ್ಟಿಗೆ ಅವಧಿ ಹೇಳಿದೆ. ನೀರಿನ ಮೇಲಿನ ಗೆರೆಯಂಥದ್ದು ಹದಿನೈದು ದಿನ, ಮರಳಿನ ಗೆರೆ ನಾಲ್ಕು ತಿಂಗಳು, ನೆಲದ ಬಿರುಕು ಒಂದು ವರ್ಷ. ಅದನ್ನೂ ದಾಟಿದರೆ ಬೆಟ್ಟದ ಬಿರುಕು, ಮಳೆ ಬಂದರೂ ಮುಚ್ಚುವುದಿಲ್ಲ. ಅದಕ್ಕೇ ಪಕ್ಷಕ್ಕೊಂದು, ಚಾತುರ್ಮಾಸಕ್ಕೊಂದು, ವರ್ಷಕ್ಕೊಂದು ಪ್ರತಿಕ್ರಮಣ ಇವೆ.

ಬಾಡಿಗೆಯಲ್ಲಿ ನ್ಯಾಯ ಯಾರ ಕಡೆ ಇದೆಯೋ ತಾವು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ತಮ್ಮ ಪಾಲಿಗಿಂತ ಹೆಚ್ಚು ತಮ್ಮ ಕೈಗೆ ಬಂದಿದ್ದರೆ ಅದನ್ನು ಲೆಕ್ಕ ಮಾಡಿ, ಒಂದು ಚೀಟಿಯಲ್ಲಿ ಬರೆದು, ಹಣದ ಸಮೇತ ಒಯ್ಯಿರಿ. ಹಣದ ತಪ್ಪು ಅವರದೇ ಆಗಿದ್ದರೆ, ಈ ಎರಡು ವರ್ಷದಲ್ಲಿ ತಾವು ಅವರ ಬಗ್ಗೆ ಯಾರ ಯಾರ ಮುಂದೆ ಏನೇನು ಆಡಿದ್ದೀರಿ, ಅದನ್ನಷ್ಟೇ ಹೆಸರಿಟ್ಟು ಹೇಳಿ ಬನ್ನಿ. ಅವರ ತಪ್ಪನ್ನು ಆ ದಿನ ಎತ್ತಬೇಡಿ. ಇದಕ್ಕೆ ಮುಂದಿನ ಭಾದ್ರಪದ ಕಾಯಬೇಕಾಗಿಲ್ಲ, ಮುಹೂರ್ತವನ್ನೂ ನನ್ನ ಹತ್ತಿರ ಕೇಳಬೇಡಿ. ಫೋನ್ ಮಾಡಿ, ಅಣ್ಣ ಮನೆಯಲ್ಲಿರುವ ವೇಳೆ ನೋಡಿಕೊಂಡು ಹೋಗಿರಿ.